ಓಡಿ, ಬಿಡಿ ಮತ್ತು ಒಂದು ವಾರದ ಗುಳಿಗೆ

ನಾನು ಜಮಖಂಡಿಯಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತೇನೆ. ಡಿ ಫಾರ್ಮಾ ಮುಗಿಸಿ ಮೊದಲು ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕೆ ನಿಂತಾಗಿನ ಒಂದು ಮಾತು ಇನ್ನೂ ನೆನಪಿದೆ. ಒಬ್ಬ ಆಯಿ ಅರ್ಧ ಸ್ಟ್ರಿಪ್ ಗುಳಿಗೆ ವಾಪಸ್ ತಂದು ಕೌಂಟರ್ ಮೇಲೆ ಇಟ್ಟರು. "ಯಾಕ್ರಿ ಆಯಿ, ತಗೊಳ್ಳಿಲ್ಲೇನು?" ಅಂದೆ. "ನೀನ ಅಂದ್ಯಲ್ಲೋ ತಮ್ಮಾ, ಇದನ್ನ ಬಿಡಿ ಅಂತ. ಬಿಟ್ಟೆ" ಅಂದರು.

ನಾನು ಹೇಳಿದ್ದು 'ಬಿಡಿ'. ಅಂದರೆ ಡಾಕ್ಟರ ಚೀಟಿಯ ಅಕ್ಷರದಲ್ಲಿ ದಿನಕ್ಕೆ ಎರಡು ಸಲ. ಅವರು ಕೇಳಿದ್ದು ನಮ್ಮ ಮನೆಯ ಕನ್ನಡ. ಹಾಗೆ ನೋಡಿದರೆ 'ಓಡಿ' ಅಂದಾಗ ಓಡಿ ಹೋಗಬೇಕಿತ್ತು! ಅವತ್ತಿನಿಂದ ಗಿರಾಕಿಯ ಮುಂದೆ ಈ ಅಕ್ಷರಗಳನ್ನು ಬಾಯಲ್ಲಿ ಹೇಳುವುದನ್ನೇ ನಿಲ್ಲಿಸಿದೆ. ಓದುವುದು ಮಾತ್ರ ನನ್ನ ಕೆಲಸ. ಹೇಳುವಾಗ ಮುಂಜಾನೆ, ರಾತ್ರಿ, ಊಟ ಅಂತಲೇ ಹೇಳಬೇಕು.

ಈ ಅಕ್ಷರಗಳೆಲ್ಲ ಹಳೆಯ ಲ್ಯಾಟಿನ್ ಮಾತಿನ ತುಣುಕುಗಳು. ಓಡಿ ಅಂದರೆ ದಿನಕ್ಕೊಂದು ಸಲ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಕ್ಯೂಐಡಿ ನಾಲ್ಕು ಸಲ. ಎಸಿ ಅಂದರೆ ಊಟಕ್ಕೆ ಮೊದಲು, ಪಿಸಿ ಅಂದರೆ ಊಟ ಆದ ಮೇಲೆ. ಎಚ್‌ಎಸ್ ಮಲಗುವಾಗ. ಎಸ್‌ಓಎಸ್ ಅಂದರೆ ಬೇಕಾದಾಗ ಮಾತ್ರ. ಸ್ಟಾಟ್ ಅಂದರೆ ಈಗಿಂದೀಗಲೇ ಒಂದು ಸಲ. ಇಷ್ಟು ಕಲಿಯಲು ಒಂದು ಸಂಜೆ ಸಾಕು. ಈಗ ಬಹಳ ಡಾಕ್ಟರುಗಳು 1-0-1 ಅಂತಲೇ ಬರೆಯುತ್ತಾರೆ. ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದು ಓದಲು ಸುಲಭ.

ಕಷ್ಟ ಶುರುವಾಗುವುದು ಒಂದೇ ಅಕ್ಷರಕ್ಕೆ ಎರಡು ಅರ್ಥ ಇದ್ದಾಗ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಓಡಿ ಅಂದರೆ ಬಲಗಣ್ಣು ಅಂತಲೂ ಆಗುತ್ತದೆ. ಓಎಸ್ ಎಡಗಣ್ಣು, ಓಯು ಎರಡೂ ಕಣ್ಣು. ಹಾಗಾಗಿ ಕಣ್ಣಿನ ಡ್ರಾಪ್ಸ್ ಸಾಲಿನಲ್ಲಿ ಓಡಿ ಕಂಡರೆ, ಎಷ್ಟು ಸಲ ಅಂತ ಅದೇ ಸಾಲಿನಲ್ಲಿ ಬೇರೆ ಕಡೆ ಬರೆದಿದೆಯಾ ನೋಡುತ್ತೇನೆ. "ಓಡಿ, ಟಿಡಿಎಸ್" ಅಂತ ಎರಡೂ ಇದ್ದರೆ ಬಲಗಣ್ಣಿಗೆ ದಿನಕ್ಕೆ ಮೂರು ಸಲ. ಬರೀ ಓಡಿ ಇದ್ದರೆ ಫೋನ್ ಮಾಡದೆ ಬೇರೆ ದಾರಿ ಇಲ್ಲ.

ಇನ್ನು ಭಿನ್ನರಾಶಿ. ನಮ್ಮ ಕಡೆಯ ಜನ ದೊಡ್ಡ ಜಡ್ಡು ಅಂದರೆ ಮಿರಜಿಗೆ ಹೋಗುವುದು ಹಳೆಯ ರೂಢಿ. ಅಲ್ಲಿ ತೋರಿಸಿ ಬಂದು ಗುಳಿಗೆ ನಮ್ಮಲ್ಲಿ ತಗೊಳ್ಳುತ್ತಾರೆ. ಹಳೆಯ ಕಾಲದ ಕೆಲವು ಡಾಕ್ಟರುಗಳು ದಿನದ ಲೆಕ್ಕವನ್ನು 5/7, 2/52, 3/12 ಅಂತ ಬರೆಯುತ್ತಾರೆ. ಕೆಳಗಿನ ಸಂಖ್ಯೆ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ವಾರಕ್ಕೆ 7 ದಿನ, ವರ್ಷಕ್ಕೆ 52 ವಾರ, ವರ್ಷಕ್ಕೆ 12 ತಿಂಗಳು. ಅಂದರೆ 5/7 ಐದು ದಿನ, 2/52 ಎರಡು ವಾರ, 3/12 ಮೂರು ತಿಂಗಳು.

ಇದು ನನಗೆ ಮೊದಲು ಗೊತ್ತಿರಲಿಲ್ಲ. ಥೈರಾಯ್ಡ್ ಗುಳಿಗೆಯ ಒಂದು ಚೀಟಿ ಬಂತು. 50 ಮೈಕ್ರೋಗ್ರಾಂ, ಓಡಿ ಎಸಿ, 3/12. ನಾನು ಮೂರು ಸಲ, ಹನ್ನೆರಡು ದಿನ ಅಂತ ಓದಿ 36 ಗುಳಿಗೆ ಎಣಿಸಿ ಕವರಿಗೆ ಹಾಕಿದೆ. ಕವರ್ ಮೇಲೆ ಹಾಗೇ ಬರೆದೂಬಿಟ್ಟೆ. ಮಾಲೀಕರು ಕವರ್ ನೋಡಿ, "ಥೈರಾಯ್ಡ್ ಗುಳಿಗಿ ದಿನಕ್ಕ ಮೂರ್ ಸಲ ಯಾವಾಗ ಕೊಟ್ಟೀಯೋ?" ಅಂದರು. ಅಷ್ಟೇ. ಬೈಯಲಿಲ್ಲ. ಓಡಿ ಅಂತ ಮುಂದೆಯೇ ಬರೆದಿತ್ತು, ನಾನು ಅದನ್ನು ನೋಡಿಯೂ ದಾಟಿ ಹೋಗಿದ್ದೆ. ಆ 36 ಗುಳಿಗೆ ಪಕ್ಕಕ್ಕಿಟ್ಟು ನೂರರ ಸೀಲ್ ಡಬ್ಬಿ ಕೊಟ್ಟು ಕಳಿಸಿದರು. ಮೂರು ತಿಂಗಳಿಗೆ ಬೇಕಾಗುವುದು ಸುಮಾರು 90. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಒಂದೇ ಒಂದು.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಅಕ್ಷರ ಏನು ಅಂತ ಮೊದಲೇ ತೀರ್ಮಾನಿಸುವುದಿಲ್ಲ. ಮೊದಲು ಔಷಧದ ಹೆಸರು ಓದುತ್ತೇನೆ. ಈ ಔಷಧ ಸಾಮಾನ್ಯವಾಗಿ ದಿನಕ್ಕೆ ಎಷ್ಟು ಸಲ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ. ಆಮೇಲೆ ಅಕ್ಷರ ನೋಡುತ್ತೇನೆ. ಕೊನೆಗೆ ಗುಣಾಕಾರ. ಸಲ, ದಿನ, ಒಟ್ಟು ಗುಳಿಗೆ. ಈ ಮೂರು ಒಂದಕ್ಕೊಂದು ಒಪ್ಪದಿದ್ದರೆ ಎಲ್ಲೋ ತಪ್ಪು ಓದಿದ್ದೇನೆ ಅಂತ ಅರ್ಥ.

ಈ ಗುಣಾಕಾರ ಒಂದು ಸಲ ದೊಡ್ಡ ಅನಾಹುತ ತಪ್ಪಿಸಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಬ್ಬ ಹುಡುಗ ಅಜ್ಜಿಯ ಚೀಟಿ ತಂದ. ಅಜ್ಜಿಗೆ ಕೀಲು ಬಾವು, ಬೆರಳೆಲ್ಲ ಸೊಟ್ಟ ಆಗಿದ್ದ ಸಂಧಿವಾತ. ಚೀಟಿಯಲ್ಲಿ ನಾಲ್ಕು ಸಾಲು. ಮೊದಲನೆಯದು ಮೆಥೊಟ್ರೆಕ್ಸೇಟ್ 7.5. ಎರಡನೆಯದು ಫೋಲಿಕ್ ಆಸಿಡ್ 5. ಮೂರನೆಯದು ನೋವಿನ ಗುಳಿಗೆ, ಬಿಡಿ ಪಿಸಿ, 10 ದಿನ. ನಾಲ್ಕನೆಯದು ಹೊಟ್ಟೆಯ ಗುಳಿಗೆ, ಓಡಿ ಎಸಿ, 10 ದಿನ. ಮೊದಲ ಎರಡು ಸಾಲಿನಲ್ಲಿ 'ಓ' ಆದ ಮೇಲೆ ಒಂದು ಸೊಟ್ಟ ಗೆರೆ. ಅದು ಡಿ ಇರಬಹುದು, ಡಬ್ಲ್ಯೂ ಇರಬಹುದು. ಓಡಬ್ಲ್ಯೂ ಅಂದರೆ ವಾರಕ್ಕೊಂದು ಸಲ. ಪಕ್ಕದಲ್ಲಿ ಗುಣಾಕಾರದ ಗುರುತು ಹಾಕಿ 4 ಅಂತ ಇತ್ತು. ದಿನ ಅಂತಲೂ ಇಲ್ಲ, ವಾರ ಅಂತಲೂ ಇಲ್ಲ.

ಹುಡುಗ ಆಗಲೇ ಓದಿ ಮುಗಿಸಿದ್ದ. "ಅಣ್ಣಾರ, ದಿನಾ ಒಂದ ಅಂತ ಐತಿ. ನಾಕ ದಿನಕ್ಕ ಮುಗದ್ರ ಮತ್ತ ಮಿರಜಿಗಿ ಯಾರ ಹೋಗೂದು? ಒಂದ್ ಸ್ಟ್ರಿಪ್ ಪೂರ್ತಿ ಕೊಟ್ಟ ಬಿಡ್ರಿ."

ಒಂದು ಸ್ಟ್ರಿಪ್‌ನಲ್ಲಿ ಹತ್ತು ಗುಳಿಗೆ. ಅಜ್ಜಿ ದಿನಾ ಒಂದರಂತೆ ಹತ್ತೂ ನುಂಗಿದ್ದರೆ? ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ಕೊಡುವ ಔಷಧ. ದಿನಾ ತಗೊಂಡರೆ ದೇಹದಲ್ಲಿ ಹೊಸ ರಕ್ತಕಣ ಹುಟ್ಟುವುದೇ ನಿಲ್ಲುತ್ತಾ ಬರುತ್ತದೆ. ಮೊದಲು ಬಾಯಲ್ಲಿ ಹುಣ್ಣು, ಆಮೇಲೆ ಜ್ವರ, ಮೈಮೇಲೆ ನೀಲಿ ಕಲೆ. ಜೀವಕ್ಕೇ ಬರಬಹುದು. ಮನೆಯವರು ಇದನ್ನು ಸುಮ್ನೆ ಉಷ್ಣ ಆಗಿದೆ ಅಂತ ಅಂದುಕೊಂಡು ಮಜ್ಜಿಗೆ ಕುಡಿಸುತ್ತಾ ಕೂತಿರುತ್ತಾರೆ.

ಆದರೆ ಔಷಧದ ರೂಢಿ ಗೊತ್ತು ಅಂತ ನಾನೇ ವಾರ ಅಂತ ಬರೆದು ಕೊಡುವ ಹಾಗೂ ಇಲ್ಲ. ಹಾಗಾಗಿ ಚೀಟಿಯನ್ನೇ ಇನ್ನೊಮ್ಮೆ ಓದಿದೆ. ನೋವಿನ ಗುಳಿಗೆಗೆ 10 ಬರೆದ ಕಡೆ ಪಕ್ಕದಲ್ಲಿ ಸಣ್ಣ 'ಡಿ' ಇದೆ, ಅಂದರೆ ಈ ಡಾಕ್ಟರು ದಿನವನ್ನು ದಿನ ಅಂತ ಬರೆಯುವವರು. ಮೆಥೊಟ್ರೆಕ್ಸೇಟ್ ಪಕ್ಕದ 4ಕ್ಕೆ ಆ 'ಡಿ' ಇಲ್ಲ. ಚೀಟಿಯ ಕೆಳಗೆ ಮುಂದಿನ ಭೇಟಿ 4/52 ಅಂತ ಇದೆ, ಜೊತೆಗೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಲು ಬರೆದಿದೆ. ನಾಲ್ಕು ವಾರ ಬಿಟ್ಟು ಬರುವವರಿಗೆ ಬರೀ ನಾಲ್ಕು ದಿನದ ಔಷಧ ಯಾರು ಬರೆಯುತ್ತಾರೆ? ದಿನಾ ಒಂದಾಗಿದ್ದರೆ 28 ಅಂತ ಇರಬೇಕಿತ್ತು. ವಾರಕ್ಕೊಂದಾದರೆ ನಾಲ್ಕು ವಾರಕ್ಕೆ ನಾಲ್ಕು. ಲೆಕ್ಕ ಕೂಡಿತು. ಆ ಸೊಟ್ಟ ಗೆರೆ ಡಬ್ಲ್ಯೂ.

ಆದರೂ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಲೆಕ್ಕ ಕೂಡಿದ್ದು ನನ್ನ ಊಹೆಗೆ ಬಲ ಕೊಡುತ್ತದೆ, ಅಷ್ಟೇ. ಫೋನ್ ಎತ್ತಿದವರಿಗೆ "ಇದು ಏನು?" ಅಂತ ಕೇಳಲಿಲ್ಲ. "ಮೆಥೊಟ್ರೆಕ್ಸೇಟ್ ಏಳೂವರೆ, ವಾರಕ್ಕೆ ಒಂದೇ ದಿನ, ಒಟ್ಟು ನಾಲ್ಕು ಗುಳಿಗೆ, ಸರಿನಾ?" ಅಂತ ನಾನು ಓದಿದ್ದನ್ನೇ ಓದಿ ಹೇಳಿದೆ. ಹೀಗೆ ಕೇಳಿದರೆ ತಪ್ಪಿದ್ದ ಕಡೆ ಅವರು ಕೂಡಲೇ ತಡೆಯುತ್ತಾರೆ. ಡಾಕ್ಟರೇ ಲೈನಿಗೆ ಬಂದು ಹೌದು ಅಂದರು. ಫೋಲಿಕ್ ಆಸಿಡ್ ಅದರ ಮರುದಿನ, ಅದೂ ವಾರಕ್ಕೊಂದೇ. ಇದನ್ನೂ ಕೇಳಿದ್ದು ಒಳ್ಳೆಯದಾಯಿತು. ಕೆಲವು ಡಾಕ್ಟರುಗಳು ಮೆಥೊಟ್ರೆಕ್ಸೇಟ್ ದಿನ ಬಿಟ್ಟು ಉಳಿದ ದಿನವೆಲ್ಲ ಫೋಲಿಕ್ ಆಸಿಡ್ ಕೊಡುತ್ತಾರೆ.

ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟೆ. ಹುಡುಗ ಮುಖ ಸಣ್ಣದು ಮಾಡಿದ. ಗುಳಿಗೆಗೆ ವಾರದ ಯಾವ ದಿನ ಇಟ್ಟುಕೊಳ್ಳೋಣ ಅಂತ ಕೇಳಿದೆ. ಅವರ ಊರಿನ ಸಂತೆ ಬುಧವಾರ ಅಂದ. ಹಾಗಾದರೆ ಬುಧವಾರವೇ ಇರಲಿ, ಸಂತೆ ದಿನ ಯಾರೂ ಮರೆಯುವುದಿಲ್ಲ ಅಂದೆ. (ಸೋಮವಾರ ನಾನು ಹೇಳುವುದಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದರೆ ಅವಸರದಲ್ಲಿ ಮುಂಜಾನೆ ಅಂತ ಓದುವ ಹಾಗಿರುತ್ತದೆ.) ಕವರ್ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದೆ: ಬುಧವಾರ ಮಾತ್ರ, ಒಂದು. ದಿನಾ ಅಲ್ಲ. ಕೆಳಗೆ ನಾಲ್ಕು ಬುಧವಾರದ ತಾರೀಖು, ಪಕ್ಕದಲ್ಲಿ ಟಿಕ್ ಹಾಕಲು ನಾಲ್ಕು ಚೌಕ. ಬಾಯಲ್ಲಿ ಹುಣ್ಣು ಅಥವಾ ಜ್ವರ ಬಂದರೆ ಗುಳಿಗೆ ನಿಲ್ಲಿಸಿ ಕೂಡಲೇ ಡಾಕ್ಟರಿಗೆ ತೋರಿಸು ಅಂತ ಹುಡುಗನಿಗೆ ಎರಡು ಸಲ ಹೇಳಿದೆ.

ಗುಣಾಕಾರ ಎಲ್ಲ ಕಡೆ ನಡೆಯುವುದಿಲ್ಲ. ಎಸ್‌ಓಎಸ್ ಸಾಲಿಗೆ ಲೆಕ್ಕವೇ ಇಲ್ಲ. ಅಲ್ಲಿ ಕೇಳಬೇಕಾದ್ದು ದಿನಕ್ಕೆ ಜಾಸ್ತಿ ಅಂದರೆ ಎಷ್ಟು, ಎರಡು ಗುಳಿಗೆ ನಡುವೆ ಎಷ್ಟು ತಾಸು ಅಂತರ ಅಂತ. ಸ್ಟಿರಾಯ್ಡ್ ಗುಳಿಗೆಯನ್ನು ಕೆಲವು ದಿನಕ್ಕೊಮ್ಮೆ ಇಳಿಸುತ್ತಾ ಬರುವ ಚೀಟಿಯಲ್ಲೂ ಒಂದು ಗುಣಾಕಾರ ಸಾಲದು. ಪ್ರತಿ ಮೆಟ್ಟಿಲನ್ನೂ ಬೇರೆ ಬೇರೆ ಎಣಿಸಿ ಕೂಡಿಸಬೇಕು. ಫೋನ್ ಹತ್ತದಿದ್ದರೆ ಉಳಿದ ಔಷಧ ಕೊಟ್ಟು, ಅನುಮಾನದ ಸಾಲನ್ನು ಮಾತ್ರ ತಡೆದಿಡುತ್ತೇನೆ. ಇದಕ್ಕೆ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋದವರೂ ಇದ್ದಾರೆ.

ನಾಲ್ಕು ವಾರ ಕಳೆದ ಮೇಲೆ ಅಜ್ಜಿಯೇ ಮೊಮ್ಮಗನ ಜೊತೆ ಬಂದರು. ಕವರ್ ಮೇಲೆ ಮೂರು ಟಿಕ್, ಒಳಗೆ ಒಂದು ಗುಳಿಗೆ. "ಮೂರನೇ ಸಂತಿ ದಿನ ಮಗಳ ಊರಾಗ ಇದ್ದೆ ತಮ್ಮಾ. ಈ ಬುಧವಾರ ಇದನ್ನೂ ಹೊಸಾದನ್ನೂ ಎರಡೂ ಕೂಡಿಸಿ ತಗೊಳ್ಳಲೇನು?" ಅಂದರು. "ಬ್ಯಾಡ್ರಿ ಆಯಿ, ಒಂದ ತಗೊಳ್ರಿ. ತಪ್ಪಿದ್ದು ತಪ್ಪಿತು" ಅಂದೆ. ಆ ದಿನವೇ ಮಿರಜಿಗೆ ಹೊರಟಿದ್ದರು. ತಪ್ಪಿದ ಆ ಬುಧವಾರದ ತಾರೀಖಿನ ಸುತ್ತ ಪೆನ್ನಿನಿಂದ ಗೆರೆ ಹಾಕಿ, ಕವರನ್ನು ಡಾಕ್ಟರಿಗೂ ತೋರಿಸಲಿ ಅಂತ ಚೀಟಿಗೆ ಪಿನ್ ಹೊಡೆದು ಕೊಟ್ಟೆ.