ಕೊಟ್ಟ ಸ್ಕ್ಯಾನೇ ತಿರುಗಿ ಬಂದಿದೆಯೇ? ಹ್ಯಾಶ್ ತಾಳೆ ನೋಡುವ ಕ್ರಮ

ಕಾಸರಗೋಡು 1956ರ ನವೆಂಬರಿನವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಜಾಗದ ಹಳೇ ಆಧಾರಗಳು, ಪಾಲುಪಟ್ಟಿಗಳು, ಮೂಲಗೇಣಿ ಚೀಟುಗಳು ಕನ್ನಡದಲ್ಲೇ ಇವೆ. ನಾವು ಮಾಡುವುದು ಇವನ್ನು ಸ್ಕ್ಯಾನ್ ಮಾಡಿ, ಬೇಕಿದ್ದರೆ ಮಲಯಾಳಕ್ಕೆ ಅನುವಾದಿಸಿ, ಪಿಡಿಎಫ್ ಆಗಿ ಕೊಡುವ ಕೆಲಸ. ಆ ಪಿಡಿಎಫ್ ಮನೆಯವರಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಕೊಳ್ಳುವವರಿಗೆ, ಅವರಿಂದ ಬ್ಯಾಂಕಿಗೆ ಎಂದು ಕೈಯಿಂದ ಕೈಗೆ ಹೋಗುತ್ತದೆ. ಕೊನೆಗೊಂದು ದಿನ ಯಾರೋ ಅದನ್ನು ತಂದು "ಇದು ನೀವು ಕೊಟ್ಟದ್ದೇ ಹೌದೋ?" ಎಂದು ಕೇಳುತ್ತಾರೆ. ಪರದೆಯಲ್ಲಿ ನೋಡಿ "ಹೌದು, ಹಾಗೇ ಕಾಣುತ್ತದೆ" ಎನ್ನುವುದು ಉತ್ತರವಲ್ಲ. ಉತ್ತರ ಕೊಡುವುದು ಹ್ಯಾಶ್.

ಹ್ಯಾಶ್ ಎಂದರೆ ಕಡತದ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ತೆಗೆಯುವ ಒಂದು ಮೊತ್ತ. ನಾವು ಬಳಸುವ SHA-256ರಲ್ಲಿ ಅದು ಯಾವಾಗಲೂ 64 ಅಕ್ಷರ. 0ರಿಂದ 9, aಯಿಂದ f ಮಾತ್ರ. ಕಡತ ಎರಡು ಪುಟದ್ದಿರಲಿ, ಇನ್ನೂರು ಪುಟದ್ದಿರಲಿ, ಉದ್ದ ಬದಲಾಗದು. ಒಂದೇ ಒಂದು ಬೈಟ್ ಬೇರೆಯಾದರೂ 64 ಅಕ್ಷರವೂ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಕಡತದ ಹೆಸರು ಈ ಲೆಕ್ಕದಲ್ಲಿಲ್ಲ. ಹೆಸರು ಬದಲಿಸಿ, ಪೆನ್‌ಡ್ರೈವಿಗೆ ಹಾಕಿ, ಮೇಲ್ ಮಾಡಿ, ಹ್ಯಾಶ್ ಅದೇ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಬಿಡಬೇಕು. ಮೂಲ ಕಾಗದ ಕೈಯಲ್ಲಿದೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ತಾಳೆ ನೋಡೋಣ ಎನ್ನುವವರು ಬಹಳ. ಅದೇ ಕಾಗದವನ್ನು ಅದೇ ಯಂತ್ರದಲ್ಲಿ ಎರಡು ಸಲ ಇಟ್ಟರೂ ಹ್ಯಾಶ್ ಎರಡಾಗುತ್ತದೆ. ಕಾಗದ ಕೂದಲೆಳೆಯಷ್ಟು ಸರಿದಿರುತ್ತದೆ, ಬೆಳಕು ಹಿಡಿದದ್ದರಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಕಡತದೊಳಗಿನ ಸಮಯವಂತೂ ಬೇರೆಯೇ. ಹ್ಯಾಶ್ ಮಾತಾಡುವುದು ಕಡತದ ಬಗ್ಗೆ, ಕಾಗದದ ಬಗ್ಗೆ ಅಲ್ಲ. ಸ್ಕ್ಯಾನಿಗೆ ಮೊದಲೇ ಕಾಗದ ತಿದ್ದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಕೊಡುವ ದಿನದ ಕೆಲಸ ಸರಿಯಾಗಿದ್ದರೆ ಮಾತ್ರ ಮುಂದೆ ತಾಳೆ ನೋಡಲಿಕ್ಕಾಗುತ್ತದೆ. ಪುಟ ತಿರುಗಿಸುವುದು, ಅಂಚು ಕತ್ತರಿಸುವುದು, ಪುಟಗಳನ್ನು ಜೋಡಿಸುವುದು, ಹುಡುಕಲು ಬರುವಂತೆ ಓಸಿಆರ್ ಮಾಡುವುದು ಎಲ್ಲ ಮುಗಿಯಬೇಕು. ಆಮೇಲೆ ಕಡತಕ್ಕೆ 2025-041.pdf ಎಂಬಂಥ ಸರಳ ಹೆಸರು ಕೊಡುತ್ತೇವೆ. ಕನ್ನಡ ಹೆಸರಿಟ್ಟರೆ ಕಪ್ಪು ಪರದೆಯಲ್ಲಿ ಅದು ಬರೀ ಚೌಕಗಳಾಗಿ ಕಾಣುವುದುಂಟು. ವಿಂಡೋಸಿನಲ್ಲಿ ಕಡತ ಇರುವ ಫೋಲ್ಡರಿನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಟ್ಟರೆ ಸಾಕು:

```
certutil -hashfile 2025-041.pdf SHA256
```

ಕೊನೆಯ SHA256 ಮರೆತರೆ ಅದು ಸುಮ್ಮನೆ SHA-1 ಲೆಕ್ಕ ತೆಗೆದು 40 ಅಕ್ಷರ ಕೊಡುತ್ತದೆ. "ಹ್ಯಾಶ್ ಹೊಂದುವುದಿಲ್ಲ" ಎಂದು ಗಾಬರಿಯಾಗಿ ಬಂದವರಲ್ಲಿ ಕೆಲವರ ತೊಂದರೆ ಇಷ್ಟೇ. ಮೊದಲು ಅಕ್ಷರ ಎಣಿಸಿ.

ಯಂತ್ರ ಸರಿಯಾಗಿ ಲೆಕ್ಕ ಹಾಕುತ್ತದೋ ಎಂದು ಪರೀಕ್ಷಿಸಲು ನೋಟ್‌ಪ್ಯಾಡಿನಲ್ಲಿ abc ಎಂದು ಮೂರೇ ಅಕ್ಷರ ಹೊಡೆದು, ಎಂಟರ್ ಒತ್ತದೆ ಉಳಿಸಿ. ಗಾತ್ರ 3 ಬೈಟ್ ಇರಬೇಕು, ಹ್ಯಾಶ್ ಹೀಗೆ ಬರಬೇಕು:

```
ba7816bf8f01cfea414140de5dae2223b00361a396177a9cb410ff61f20015ad
```

ರಿಜಿಸ್ಟರಿನಲ್ಲಿ ನಾವು ಬರೆಯುವುದು ಕ್ರಮಸಂಖ್ಯೆ, ತಾರೀಕು, ಪುಟಗಳ ಎಣಿಕೆ, ಗಾತ್ರ, ಹ್ಯಾಶ್. ಗಾತ್ರವನ್ನು ಎಂಬಿಯಲ್ಲಿ ಬರೆದರೆ ಪ್ರಯೋಜನವಿಲ್ಲ, ಬೈಟಿನ ಪೂರ್ತಿ ಸಂಖ್ಯೆ ಬೇಕು. ಪ್ರಾಪರ್ಟೀಸ್‌ನಲ್ಲಿ Size ಎದುರು ಇರುವುದು ಅದು. ಅದರ ಕೆಳಗಿನ Size on disk ಅಲ್ಲ. ಈ ಸಂಖ್ಯೆ ಯಾಕೆ ಬೇಕೆಂದು ಮುಂದೆ ಗೊತ್ತಾಗುತ್ತದೆ. ಹ್ಯಾಶನ್ನು ಕೈಯಲ್ಲಿ ಬರೆಯುವುದಿಲ್ಲ. 6 ಮತ್ತು b ಅದಲು ಬದಲಾಗಿಯೇ ಆಗುತ್ತದೆ. ಮುದ್ರಿಸಿ ಅಂಟಿಸಿ, ಪಕ್ಕದಲ್ಲಿ ತಂದವರ ಸಹಿ ಹಾಕಿಸುತ್ತೇವೆ. ಅದೇ ಚೀಟಿಯ ಇನ್ನೊಂದು ಪ್ರತಿ ಅವರ ರಸೀದಿಗೆ. ಕಡತ ವಾಟ್ಸಾಪಿನಲ್ಲಿ, ಹ್ಯಾಶ್ ಕಾಗದದಲ್ಲಿ: ಎರಡೂ ಒಂದೇ ದಾರಿಯಲ್ಲಿ ಹೋಗಬಾರದು. ಕಡತದ ಜೊತೆಗೇ ಹ್ಯಾಶ್ ಕಳಿಸಿದರೆ, ಕಡತ ತಿದ್ದುವವನು ಹೊಸ ಹ್ಯಾಶನ್ನೂ ತೆಗೆದು ಅಲ್ಲೇ ಬರೆದುಬಿಡುತ್ತಾನೆ.

ಇನ್ನು ತಾಳೆ. 64 ಅಕ್ಷರವನ್ನು ಕಣ್ಣಲ್ಲಿ ನೋಡುವಾಗ ಎಲ್ಲರೂ ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ "ಸರಿ ಇದೆ" ಎನ್ನುತ್ತಾರೆ. ಆ ಎಂಟು ಅಕ್ಷರ ಹೊಂದುವಂತೆ ಕಡತ ತಯಾರಿಸಲು ಸುಮಾರು 430 ಕೋಟಿ ಸಲ ಪ್ರಯತ್ನಿಸಬೇಕು. ಕೇಳಲು ದೊಡ್ಡದು, ಆದರೆ ಸಾಧಾರಣ ಕಂಪ್ಯೂಟರಿಗೆ ಆಗದ ಕೆಲಸವೇನಲ್ಲ. ಪೂರ್ತಿ ನೋಡಲು ಪವರ್‌ಶೆಲ್ ಬಳಸಿ. ಉದ್ಧರಣ ಚಿಹ್ನೆಯ ಒಳಗೆ ನಮ್ಮಲ್ಲಿರುವ ಹ್ಯಾಶ್ ಅಂಟಿಸಿದರೆ ಅದು True ಅಥವಾ False ಎನ್ನುತ್ತದೆ:

```
(Get-FileHash .\bandaddu.pdf).Hash -eq "..."
```

ಒಂದು ಕಡೆ ದೊಡ್ಡಕ್ಷರ, ಇನ್ನೊಂದು ಕಡೆ ಸಣ್ಣಕ್ಷರ ಇದ್ದರೆ ಚಿಂತೆ ಇಲ್ಲ. ಆದರೆ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿದರೂ False ಬರುತ್ತದೆ.

True ಬಂದರೆ ಕೆಲಸ ಮುಗಿಯಿತು. ಬೈಟಿಗೆ ಬೈಟ್ ನಾವು ಕೊಟ್ಟದ್ದೇ. False ಬಂದಾಗಲೇ ತಲೆ ಓಡಿಸಬೇಕಾದದ್ದು. ಯಾಕೆಂದರೆ ಹ್ಯಾಶ್ ಹೇಳುವುದು "ಇದು ಅದಲ್ಲ" ಎಂದಷ್ಟೇ. ಯಾರು, ಏನು, ಎಷ್ಟು ಬದಲಿಸಿದರು ಎಂದು ಹೇಳುವುದಿಲ್ಲ. ಎಷ್ಟೋ ಸಲ ಕಾರಣ ಪಾಪದ್ದೇ. ಪಿಡಿಎಫ್ ಓದುವಾಗ ಒಂದು ಪುಟ ತಿರುಗಿಸಿ, ಮುಚ್ಚುವಾಗ "ಉಳಿಸಲೇ?" ಎಂದದ್ದಕ್ಕೆ ಹೌದು ಒತ್ತಿರುತ್ತಾರೆ. ಅಪ್‌ಲೋಡ್ ಮಿತಿಗೆ ಹೊಂದಿಸಲು ಯಾವುದೋ ತಾಣದಲ್ಲಿ ಕುಗ್ಗಿಸಿರುತ್ತಾರೆ. ಜೆಪಿಜಿ ಆದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದು ಕಳಿಸದೆ ಫೋಟೋ ಎಂದು ಕಳಿಸಿರುತ್ತಾರೆ; ವಾಟ್ಸಾಪ್ ಅದನ್ನು ಮತ್ತೆ ಕುಗ್ಗಿಸುತ್ತದೆ. ಹ್ಯಾಶ್ e3b0c442 ಎಂದು ಶುರುವಾದರೆ ನಗಬಹುದು: ಅದು ಖಾಲಿ ಕಡತದ ಹ್ಯಾಶ್. ಡೌನ್‌ಲೋಡ್ ಆಗಲೇ ಇಲ್ಲ ಎಂದರ್ಥ.

ಒಂದು ಕಡತವನ್ನು ಹಿಡಿದು ನೋಡೋಣ. ಮೂಲಗೇಣಿ ಚೀಟಿನ ಆರು ಪುಟದ ಸ್ಕ್ಯಾನ್. ರಿಜಿಸ್ಟರಿನಲ್ಲಿ ಗಾತ್ರ 23,18,644 ಬೈಟ್. ತಿರುಗಿ ಬಂದದ್ದು 23,41,092 ಬೈಟ್. ಹ್ಯಾಶ್ ಹೊಂದಲಿಲ್ಲ. ಗಾತ್ರ ಕುಗ್ಗಿಲ್ಲ, 22,448 ಬೈಟ್ ಹೆಚ್ಚಾಗಿದೆ. ಹೀಗೆ ಸ್ವಲ್ಪವೇ ಬೆಳೆದ ಕಡತ ಕಂಡರೆ ಒಂದು ಪರೀಕ್ಷೆ ಮಾಡಲೇಬೇಕು. ಪಿಡಿಎಫ್ ತಿದ್ದುವ ಹಲವು ತಂತ್ರಾಂಶಗಳು "ಸೇವ್" ಒತ್ತಿದಾಗ ಹಳೆಯದನ್ನು ಅಳಿಸಿ ಬರೆಯುವುದಿಲ್ಲ. ಹಳೇ ಬೈಟುಗಳನ್ನು ಇದ್ದ ಹಾಗೇ ಬಿಟ್ಟು, ಬದಲಾದ ಭಾಗವನ್ನು ಕೊನೆಯಲ್ಲಿ ಅಂಟಿಸಿ ಇನ್ನೊಂದು %%EOF ಗುರುತು ಹಾಕುತ್ತವೆ. ಹಳೇ ಆಧಾರದ ಬಾಲಕ್ಕೆ ಹೊಸ ಕಾಗದ ಹೊಲಿದ ಹಾಗೆ. ಹಾಗಿದ್ದರೆ ಮೊದಲ 23,18,644 ಬೈಟನ್ನಷ್ಟೇ ಕತ್ತರಿಸಿ ಹ್ಯಾಶ್ ತೆಗೆದರೆ ನಮ್ಮ ಹ್ಯಾಶೇ ಬರಬೇಕು. ಲಿನಕ್ಸಿನಲ್ಲಿ, ಅಥವಾ ವಿಂಡೋಸಿನಲ್ಲಾದರೆ ಗಿಟ್ ಬ್ಯಾಶ್ ಹಾಕಿಕೊಂಡು:

```
grep -a -c '%%EOF' bandaddu.pdf
head -c 2318644 bandaddu.pdf | sha256sum
```

ಮೊದಲನೆಯದು 2 ಎಂದಿತು. ನಮ್ಮ ಪ್ರತಿಯಲ್ಲಿ 1 ಇತ್ತು. ಇದೊಂದನ್ನೇ ನಂಬಬಾರದು, ಫಾಸ್ಟ್ ವೆಬ್ ವ್ಯೂ ಎಂದು ಉಳಿಸಿದ ಪಿಡಿಎಫ್‌ನಲ್ಲಿ ಯಾರೂ ಮುಟ್ಟದಿದ್ದರೂ ಎರಡು ಇರುತ್ತವೆ. ಎರಡನೆಯದರ ಉತ್ತರ ರಿಜಿಸ್ಟರಿನ 64 ಅಕ್ಷರಕ್ಕೆ ಸರಿಯಾಗಿ ಕೂತಿತು. ಅಂದರೆ ನಮ್ಮ ಕಡತ ಪೂರ್ತಿಯಾಗಿ ಅದರೊಳಗೇ ಇದೆ, ಮೇಲಿನ 22,448 ಬೈಟ್ ಆಮೇಲೆ ಸೇರಿದ್ದು. ಇದಕ್ಕಾಗಿಯೇ ಬೈಟಿನ ಸಂಖ್ಯೆ ಬರೆದಿಡುವುದು.

ಸೇರಿದ್ದು ಏನು? ಹಳದಿ ಗೆರೆ ಎಳೆದರೂ, ಒಂದು ಟಿಪ್ಪಣಿ ಹಾಕಿದರೂ ಹೀಗೇ ಆಗುತ್ತದೆ. ಕತ್ತರಿಸಿದ ಭಾಗವನ್ನು ಬೇರೆ ಕಡತವಾಗಿ ಉಳಿಸಿ (`head -c 2318644 bandaddu.pdf > mola.pdf`) ಎರಡನ್ನೂ ಅಕ್ಕಪಕ್ಕ ತೆರೆದು ಶೇಕಡಾ 400ಕ್ಕೆ ಹಿಗ್ಗಿಸಿ ನೋಡಿದರೆ ಮೂರನೇ ಪುಟದಲ್ಲಿ ಸಿಕ್ಕಿತು. ವಿಸ್ತೀರ್ಣದ ಸಾಲಿನಲ್ಲಿ ೬೬ ಸೆಂಟ್ಸು ಇದ್ದದ್ದು ೯೬ ಆಗಿತ್ತು. ಅದೇ ಪುಟದ ಬೇರೆ ಕಡೆಯಿಂದ ಎತ್ತಿದ ಒಂದು ೯ರ ಚಿತ್ರವನ್ನು ೬ರ ಮೇಲೆ ಕೂರಿಸಿದ್ದರು. ಸುತ್ತಲಿನ ಕಾಗದದ ಬಣ್ಣ ಚೂರು ತಿಳಿ. ಕನ್ನಡದ ೬ಕ್ಕೂ ೯ಕ್ಕೂ ಇರುವ ಅಂತರ ಒಂದು ಕೊಂಕು. ಕನ್ನಡ ಅಂಕಿ ಓದಿ ರೂಢಿ ಇಲ್ಲದ ಅಧಿಕಾರಿಯ ಕಣ್ಣಿಗೆ ಅದು ಬೀಳುವುದು ಕಷ್ಟ.

ಈ ಉಪಾಯ ಎಲ್ಲ ಕಡೆ ನಡೆಯದು. "ಸೇವ್ ಆ್ಯಸ್" ಮಾಡಿದರೆ, ಕುಗ್ಗಿಸಿದರೆ, ಅಥವಾ ಪಿಡಿಎಫ್ ಆಗಿ ಮತ್ತೆ ಪ್ರಿಂಟ್ ಮಾಡಿದರೆ ಕಡತ ಬುಡದಿಂದ ಹೊಸದಾಗಿ ಬರೆಯಲ್ಪಡುತ್ತದೆ. ಆಗ ನಮ್ಮ ಪ್ರತಿಯನ್ನು ಪಕ್ಕದಲ್ಲಿಟ್ಟು ಪುಟ ಪುಟ ಓದುವುದೇ ದಾರಿ. ಅಂಕಿ, ಸರ್ವೆ ನಂಬರು, ಚೆಕ್ಕುಬಂದಿ, ಹೆಸರು, ತಾರೀಕು ಎಂದು ಆ ಕ್ರಮದಲ್ಲಿ.

ಯಾವ ಹ್ಯಾಶ್ ಎಂಬ ಬಗ್ಗೆ ಒಂದು ಮಾತು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಶೋಧಕರು ಒಂದೇ SHA-1 ಇರುವ, ನೋಡಲು ಬೇರೆ ಬೇರೆಯಾದ ಎರಡು ಪಿಡಿಎಫ್ ಮಾಡಿ ತೋರಿಸಿದರು. ಎರಡನ್ನೂ ಅವರೇ ಹೊಂಚು ಹಾಕಿ ತಯಾರಿಸಿದ್ದು, ಕೊಟ್ಟಾಗಿರುವ ಕಡತಕ್ಕೆ ಜೋಡಿ ಹುಡುಕಿದ್ದಲ್ಲ. ಆದರೂ ಹೊಸ ರಿಜಿಸ್ಟರಿಗೆ MD5, SHA-1 ಯಾಕೆ ಬೇಕು? ಕೋರ್ಟಿಗೆ ಹೋಗುವ ಕಡತವಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗವಿದೆ. ಯಾವ ಲೆಕ್ಕದಿಂದ ತೆಗೆದದ್ದೆಂದು ಅಲ್ಲಿ ಗುರುತು ಹಾಕಬೇಕು. ಅದರಲ್ಲಿ ಎ, ಬಿ ಎಂದು ಎರಡು ಭಾಗ; ಬಿ ಭಾಗ ತುಂಬಬೇಕಾದದ್ದು ತಜ್ಞರು, ನಾವಲ್ಲ.

ಕೇಳಿದವರಿಗೆ ಬರೆದುಕೊಡುವಾಗ "ತಿದ್ದಲಾಗಿದೆ" ಎಂಬ ಶಬ್ದ ನಾವು ಬಳಸುವುದಿಲ್ಲ. ಕ್ರಮಸಂಖ್ಯೆ ಇಂಥದ್ದು, ನಾವು ಕೊಟ್ಟ ಕಡತದ ಗಾತ್ರ ಮತ್ತು SHA-256 ಇಂತಿಷ್ಟು, ಈ ದಿನ ಹಾಜರುಪಡಿಸಿದ ಕಡತದ್ದು ಇಂತಿಷ್ಟು, ಎರಡೂ ಹೊಂದುವುದಿಲ್ಲ. ಹಾಜರುಪಡಿಸಿದ ಕಡತದ ಮೊದಲ 23,18,644 ಬೈಟಿನ ಹ್ಯಾಶ್ ನಮ್ಮದಕ್ಕೆ ಹೊಂದುತ್ತದೆ. ಮೂರನೇ ಪುಟದ ಏಳನೇ ಸಾಲಿನಲ್ಲಿ ನಮ್ಮ ಪ್ರತಿಯಲ್ಲಿ ೬೬, ಇದರಲ್ಲಿ ೯೬. ಕೆಳಗೆ ಸಹಿ, ತಾರೀಕು.