ಬಜೆಟ್‌ನಿಂದ ಶುರು ಮಾಡಿ ಬರೆದ ಪ್ರೊಪೋಸಲ್: ಮುಂಡರಗಿಯ ಫ್ಲೋರೈಡ್ ಪ್ರಾಜೆಕ್ಟ್‌ಗೆ ಹಣ ಸಿಕ್ಕ ಬಗೆ

ಮುಂಡರಗಿ ತಾಲೂಕಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಳೆಯುವ ಪ್ರಾಜೆಕ್ಟ್ ಧಾರವಾಡದ ನಮ್ಮ ಲ್ಯಾಬಿಗೆ ಕೊನೆಗೂ ಬಂತು. ಕೇಳಿದ್ದು ಹದಿನೇಳು ಲಕ್ಷದ ಸುಮಾರು, ಸಿಕ್ಕಿದ್ದು ಹದಿನಾರೂವರೆ. ಇಷ್ಟು ಕಡಿಮೆ ಕೇಳಿದರೆ ಕೆಲಸಕ್ಕೆ ಸಾಕಾಗುವಷ್ಟು ಸಿಗುತ್ತದೆಂದು ವಿಭಾಗದಲ್ಲಿ ಯಾರೂ ನಂಬಿರಲಿಲ್ಲ. ಹಿರಿಯರೊಬ್ಬರು, "ಅಲ್ಲೋ ತಮ್ಮಾ, ಹೆಂಗೂ ಅವ್ರು ಕಟ್ ಮಾಡ್ತಾರ. ಡಬಲ್ ಹಾಕು" ಅಂದಿದ್ದರು.

ಡಬಲ್ ಹಾಕಿದ ಪ್ರೊಪೋಸಲ್‌ಗಳ ಗತಿ ನೋಡಿಯೇ ಈ ದಾರಿ ಹಿಡಿದದ್ದು. ಅದಕ್ಕೂ ಮುಂಚೆ ಅದೇ ಮುಂಡರಗಿ ತಾಲೂಕಿನ ಕೊಳವೆಬಾವಿ ನೀರಿನ ಮೇಲೆ ಅರವತ್ತು ಲಕ್ಷದ ಆಸುಪಾಸಿನ ಪ್ರೊಪೋಸಲ್ ಹೋಗಿತ್ತು. ಐದು ಉದ್ದೇಶ, ಜತೆಗೆ ಒಂದು ಅಯಾನ್ ಕ್ರೊಮ್ಯಾಟೋಗ್ರಾಫ್. "ಉಪಕರಣದ ಭಾರ ಹೆಚ್ಚು, ಮಾದರಿಗಳ ಸಂಖ್ಯೆಗೆ ಆಧಾರವಿಲ್ಲ" ಎಂದು ವಾಪಸ್ ಬಂತು. ಅದರ ಬೆನ್ನಿಗೆ ಹೋದ ಇನ್ನೊಂದಕ್ಕೆ ಉತ್ತರವೇ ಬರಲಿಲ್ಲ. ಆ ಎರಡು ವರ್ಷ ಸೀಸನ್‌ಗೊಮ್ಮೆ ನೀರಿನ ಮಾದರಿ ತರುವ ಗಾಡಿ ಬಾಡಿಗೆ ನನ್ನ ಜೇಬಿನಿಂದಲೇ ಹೋಯಿತು, ಮೂವತ್ತು ಸಾವಿರದ ಮೇಲೆ.

ಈ ಸಲ ಉದ್ದೇಶಗಳನ್ನು ಕೊನೆಗೆ ಬರೆದೆ. ಮೊದಲು ಕೇಳಿಕೊಂಡದ್ದು, ಎಷ್ಟು ಬಾಟಲಿ ನೀರು? ಮೂರು ಆಳದ ವರ್ಗ, ವರ್ಗಕ್ಕೆ ಇಪ್ಪತ್ತರಂತೆ 60 ಬಾವಿ. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ, ಎರಡು ವರ್ಷ. 240 ಮಾದರಿ, ಪ್ರತಿಯೊಂದಕ್ಕೆ ಮೂರು ರೀಡಿಂಗ್. ರೀಡಿಂಗ್‌ಗೆ 25 ಮಿ.ಲೀ. ನೀರು, ಅಳೆಯುವ ಮುನ್ನ ಅದಕ್ಕೆ ಬೆರೆಸುವ ಬಫರ್ ದ್ರಾವಣ ಟಿಸಾಬ್ ಕೂಡ ಅಷ್ಟೇ. ಅಂದರೆ 18 ಲೀಟರ್ ಟಿಸಾಬ್. ಸ್ಟ್ಯಾಂಡರ್ಡ್, ಬ್ಲ್ಯಾಂಕ್ ಸೇರಿಸಿ 25 ಲೀಟರ್ ಹಿಡಿದೆ. ಅದಕ್ಕೆ ಹಾಕುವ ಸಿಡಿಟಿಎ ಎಂಬ ರಾಸಾಯನಿಕ ಲೀಟರಿಗೆ 4 ಗ್ರಾಂ, ಒಟ್ಟು 100 ಗ್ರಾಂ. ಉಪ್ಪು ಲೀಟರಿಗೆ 58 ಗ್ರಾಂ, ಒಂದೂವರೆ ಕೆ.ಜಿ. ಸಾಕು. ಈ ಗುಣಾಕಾರವನ್ನೇ ಬಜೆಟ್ ಸಮರ್ಥನೆಯಲ್ಲಿ ಸಾಲುಸಾಲಾಗಿ ಇಟ್ಟೆ. ಬೇರೆ ಕಡೆ "ರಾಸಾಯನಿಕಗಳು, ಗಾಜಿನ ಸಾಮಾನು: 3 ಲಕ್ಷ" ಅಂತ ಒಂದೇ ಸಾಲು ಇರುತ್ತದೆ, ಕತ್ತರಿ ಬೀಳುವುದೂ ಅಲ್ಲೇ. ನನ್ನ ಒಂದು ಲಕ್ಷ ಇಪ್ಪತ್ತು ಸಾವಿರದಲ್ಲಿ ಒಂದು ರೂಪಾಯಿ ಹೋಗಲಿಲ್ಲ. ಹೋದದ್ದು ಪ್ರವಾಸ ಮತ್ತು ಕಂಟಿಂಜೆನ್ಸಿಯಲ್ಲಿ.

ಉಪಕರಣವೆಂದು ಕೇಳಿದ್ದು ಫ್ಲೋರೈಡ್ ಎಲೆಕ್ಟ್ರೋಡ್, ಮೀಟರ್, ಒಂದು ಬಿಡಿ ಎಲೆಕ್ಟ್ರೋಡ್, ಎಲ್ಲಾ ಸೇರಿ ಎರಡೂವರೆ ಲಕ್ಷ. "ಸ್ಪೆಕ್ಟ್ರೋಫೋಟೋಮೀಟರ್ ಐತಲ್ಲ, ಸ್ಪಾಡ್ನ್ಸ್ ಮಾಡ್ರಿ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವನ್ನು ವಿಧಾನದ ಭಾಗದಲ್ಲೇ ಬರೆದಿಟ್ಟೆ. ಸ್ಪಾಡ್ನ್ಸ್ ಎಂಬ ಬಣ್ಣದ ವಿಧಾನ ನೇರವಾಗಿ ಅಳೆಯುವುದು ಲೀಟರಿಗೆ 1.4 ಮಿ.ಗ್ರಾಂ ತನಕ. ನಮ್ಮ ಬಾವಿಗಳಲ್ಲಿ ಮೂರು, ನಾಲ್ಕು ಸಾಮಾನ್ಯ. ಪ್ರತಿ ಮಾದರಿಯನ್ನೂ ತೆಳು ಮಾಡಬೇಕು, ತೆಳು ಮಾಡಿದಷ್ಟೂ ತಪ್ಪು ಹಿಗ್ಗುತ್ತದೆ. ಎಲೆಕ್ಟ್ರೋಡ್ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯುವುದು ಸ್ಲೋಪಿನಿಂದ. ಹತ್ತು ಪಟ್ಟು ಸಾಂದ್ರತೆಗೆ 54ರಿಂದ 60 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಅದಕ್ಕಿಂತ ಇಳಿದರೆ ಆ ದಿನದ ರೀಡಿಂಗ್ ಬಿಟ್ಟುಬಿಡುತ್ತೇವೆ ಎಂದು ಪ್ರೊಪೋಸಲ್‌ನಲ್ಲೇ ಬರೆದೆ. ಬಿಡಿ ಎಲೆಕ್ಟ್ರೋಡ್ ಕೇಳಿದ್ದಕ್ಕೆ ಬೇರೆ ಕಾರಣ ಹೇಳುವ ಅಗತ್ಯವೇ ಬೀಳಲಿಲ್ಲ.

ದೊಡ್ಡ ಖರ್ಚು ಜೆಆರ್‌ಎಫ್, ಅಂದರೆ ಪ್ರಾಜೆಕ್ಟ್‌ನ ಕಿರಿಯ ಸಂಶೋಧಕ. ತಿಂಗಳಿಗೆ 37,000, ಮೇಲೆ ಎಚ್‌ಆರ್‌ಎ, ಎರಡು ವರ್ಷಕ್ಕೆ ಹತ್ತೂವರೆ ಲಕ್ಷ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ, ಆದರೆ ಆ ಹುಡುಗನ ದಿನ ಹೇಗೆ ಕಳೆಯುತ್ತದೆ ಎಂದು ತೋರಿಸಬೇಕು.

ಈ ನಡುವೆ ಊರವರ ಒಂದು ಪ್ರಶ್ನೆ ನನ್ನನ್ನು ಬೇರೆ ಕಡೆ ಎಳೆಯಿತು. "ಕಾಯಿಸಿ ಕುಡದ್ರ ಹೋಗತೈತೇನ್ರಿ?" ಲ್ಯಾಬಿನಲ್ಲಿ ಎರಡು ಮಿ.ಗ್ರಾಂ ಸುಮಾರಿನ ನೀರನ್ನು ಅರ್ಧಕ್ಕೆ ಇಳಿಯುವ ತನಕ ಕಾಯಿಸಿ ನೋಡಿದೆ. ಹೋಗುವುದಿರಲಿ, ಹತ್ತಿರಹತ್ತಿರ ನಾಲ್ಕಾಯಿತು. ಆವಿಯಾಗುವುದು ನೀರು ಮಾತ್ರ. ಊರಲ್ಲಿ ಹೇಳಲೇಬೇಕಾದ ಮಾತು, ಆದರೆ ಪ್ರೊಪೋಸಲ್‌ಗೆ ಸೇರಿಸಲಿಲ್ಲ, ಮೂರನೆಯ ಉದ್ದೇಶವಾಗಿ ಬಿಡುತ್ತಿತ್ತು. ಉಳಿದದ್ದು ಎರಡೇ: ಋತು ಮತ್ತು ಆಳಕ್ಕೆ ತಕ್ಕಂತೆ ಫ್ಲೋರೈಡ್ ಎಷ್ಟು ಬದಲಾಗುತ್ತದೆ, ಮತ್ತು ಕ್ಯಾಲ್ಸಿಯಂ ಕಡಿಮೆ ಇದ್ದಲ್ಲೇ ಅದು ಏರುತ್ತದೆಯೇ.

ವೇಳಾಪಟ್ಟಿ ಮಾಡಲು ನನಗೆ ಹೆಚ್ಚು ದಿನ ಹಿಡಿಯಿತು. ಎಲ್ಲರೂ ಒಂದನೇ ತಿಂಗಳು, ಎರಡನೇ ತಿಂಗಳು ಎಂದು ಎಣಿಸುತ್ತಾರೆ, ಮಳೆ ಹಾಗೆ ಎಣಿಸುವುದಿಲ್ಲ. ಮಂಜೂರಾತಿ ಜುಲೈಯಲ್ಲಿ ಬಂದರೆ ಮೇ ಎಂಬುದು ಹನ್ನೊಂದನೇ ತಿಂಗಳು. ಜನವರಿಯಲ್ಲಿ ಬಂದರೆ ಐದನೇ ತಿಂಗಳು, ಅಷ್ಟರಲ್ಲಿ ಜೆಆರ್‌ಎಫ್ ನೇಮಕ, ಎಲೆಕ್ಟ್ರೋಡ್ ಖರೀದಿ ಮುಗಿಯುವುದೇ ಕಷ್ಟ. ಹಾಗಾಗಿ ಎರಡು ಪಟ್ಟಿ ಕೊಟ್ಟೆ, ವರ್ಷದ ಮೊದಲರ್ಧದಲ್ಲಿ ಹಣ ಬಂದರೆ ಒಂದು, ಎರಡನೇ ಅರ್ಧದಲ್ಲಿ ಬಂದರೆ ಇನ್ನೊಂದು. ಸಂದರ್ಶನದಲ್ಲಿ ಒಬ್ಬರು ಆ ಪುಟವನ್ನೇ ತೆಗೆದು ಬಹಳ ಹೊತ್ತು ಮಾತಾಡಿದರು. ಹೀಗೆ ಎರಡು ಪಟ್ಟಿ ಕೊಟ್ಟವರನ್ನು ನಾನಂತೂ ಬೇರೆ ಕಂಡಿಲ್ಲ.

ಕೈಯಲ್ಲಿದ್ದ ಹಳೆಯ ರೀಡಿಂಗ್‌ಗಳಲ್ಲಿ ಎಷ್ಟು ತೋರಿಸಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂಬ ಲೆಕ್ಕ ನನ್ನಲ್ಲೇ ಇರಲಿ.

ಹಣ ಬಂದವರಿಗೆ ಇನ್ನೊಂದು ಮಾತು. ಮೊದಲ ಕಂತು ಕೈಸೇರಿದ ದಿನದಿಂದಲೇ ಹೆಡ್‌ವಾರು ಖರ್ಚಿನ ವಹಿ ಬೇರೆ ಇಡಿ. ಎರಡನೇ ಕಂತು ಬರುವುದು ಜಿಎಫ್‌ಆರ್ 12-ಎ ಬಳಕೆ ಪ್ರಮಾಣಪತ್ರ ಹೋದ ಮೇಲೆಯೇ. ಮಾರ್ಚ್ 31ರೊಳಗೆ ಬಿಲ್ ಆಗದ ಸಾಮಾನು ಆ ವರ್ಷದ ಖರ್ಚಿಗೆ ಸೇರುವುದಿಲ್ಲ, ಆದ್ದರಿಂದ ಸಿಡಿಟಿಎ ಆರ್ಡರ್ ಡಿಸೆಂಬರ್‌ನಲ್ಲೇ ಹೋಗಲಿ.