ಶೋರೂಮಿನಲ್ಲಿ ಒಳ್ಳೆಯವನು, ಕೆಟ್ಟವನು ಮತ್ತು ‘ಇವತ್ತೇ ಲಾಸ್ಟ್ ಸರ್’

ಹೊಸ ಕಾರು ತಗೊಳ್ಳೋಕೆ ಹೋದವರಿಗೆಲ್ಲ ಈ ನಾಟಕ ಗೊತ್ತಿರುತ್ತೆ. ಸೇಲ್ಸ್ ಹುಡುಗ ನಮ್ಮ ಕಡೆಯವನು. ಗಾಜಿನ ಕ್ಯಾಬಿನ್ನಿನಲ್ಲಿ ಕೂತಿರೋ ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಮಾತಾಡುವವನು. ಹುಡುಗ ನಮಗೋಸ್ಕರ ಒಳಗೆ ಹೋಗಿ ಕೈ ಅಲ್ಲಾಡಿಸಿ ವಾದ ಮಾಡ್ತಾನೆ, ಆಚೆ ಬಂದು ದನಿ ತಗ್ಗಿಸಿ, ‘ಸರ್, ಹೇಗೋ ಒಪ್ಪಿಸಿದೀನಿ, ಹತ್ತು ಸಾವಿರ ಬಿಡ್ತಾರಂತೆ, ಆದ್ರೆ ಇವತ್ತೇ ಬುಕ್ ಮಾಡ್ಬೇಕು’ ಅಂತಾನೆ. ಪಾಪ, ನಮಗೋಸ್ಕರ ಬೈಸಿಕೊಂಡಿದ್ದಾನೆ ಅನ್ನೋ ಮುಲಾಜಿಗೆ ನಾವು ಬಿದ್ದರೆ ಅವರ ಕೆಲಸ ಆಯ್ತು.

ನಾನು ಬೆಂಗಳೂರಿನಲ್ಲಿ ಕಾರು ತಗೊಂಡಾಗ ಅವರ ಮುಖ ನೋಡೋದು ಬಿಟ್ಟು ಕೊಟೇಶನ್ ಹಾಳೆ ನೋಡಿದೆ. ಎಕ್ಸ್‌ಶೋರೂಮ್ ಬೆಲೆ ಕಂಪನಿಯದ್ದು. ರೋಡ್ ಟ್ಯಾಕ್ಸ್ ಸರ್ಕಾರದ್ದು. ಇವೆರಡರಲ್ಲಿ ಅವರು ಆಟ ಆಡೋಕೆ ಆಗಲ್ಲ. ಆಟ ಇರೋದು ಇನ್ಶೂರೆನ್ಸ್, ಆಕ್ಸೆಸರಿ ಮತ್ತು ‘ಹ್ಯಾಂಡ್ಲಿಂಗ್ ಚಾರ್ಜ್’ ಸಾಲುಗಳಲ್ಲಿ.

ಇನ್ಶೂರೆನ್ಸ್ ಅಂತ 52,300 ಬರೆದಿದ್ದರು. ‘ಒಡೆದು ಬರೆದು ಕೊಡಿ’ ಅಂದೆ. ಥರ್ಡ್ ಪಾರ್ಟಿ ಭಾಗ ಎಲ್ಲಿ ಮಾಡಿಸಿದರೂ ಒಂದೇ, ಸರ್ಕಾರವೇ ದರ ಗೊತ್ತು ಮಾಡುತ್ತೆ. ನಾನು ತಗೊಂಡಾಗ 1000ದಿಂದ 1500 ಸಿಸಿ ಕಾರಿಗೆ 3 ವರ್ಷಕ್ಕೆ 10,640 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಮಿಕ್ಕಿದ್ದು ನಮ್ಮ ಕಾರಿನ ಹಾನಿಗೆ ಇರೋ ಓನ್ ಡ್ಯಾಮೇಜ್ ಮತ್ತು ಆಡ್-ಆನ್. ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಸಿಗೋ ಗರಿಷ್ಠ ಮೊತ್ತ, ಝೀರೋ ಡೆಪ್ ಅಂದರೆ ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡೋ ಆಡ್-ಆನ್. ಅಲ್ಲೇ ಕೂತು ಫೋನಿನಲ್ಲಿ ಅದೇ ಐಡಿವಿ, ಅದೇ ಝೀರೋ ಡೆಪ್, ಅದೇ ಎಂಜಿನ್ ಕವರ್ ಹಾಕಿ ನೋಡಿದೆ. 38,900 ಬಂತು. ವ್ಯತ್ಯಾಸ 13,400! ಹುಡುಗ ಜಗಳ ಆಡಿ ಬಿಡಿಸಿದ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಆಗ ಗೊತ್ತಾಯ್ತು. ಐಡಿವಿ ಒಂದೇ ಇಟ್ಟು ಹೋಲಿಸಿ, ಇಲ್ಲದಿದ್ದರೆ ಕಡಿಮೆ ಐಡಿವಿಯ ಪಾಲಿಸಿ ಸುಮ್ನೆ ಅಗ್ಗ ಕಾಣುತ್ತೆ.

ಹೊರಗಿನ ರೇಟು ತೋರಿಸಿದ ಕೂಡಲೇ ಮ್ಯಾನೇಜರ್ ಎದ್ದು ಬಂದ. ‘ಹೊರಗಡೆ ಮಾಡಿಸಿದ್ರೆ ಡಿಸ್ಕೌಂಟ್ ಇಲ್ಲ, ಕ್ಯಾಶ್‌ಲೆಸ್ಸೂ ಸಿಗಲ್ಲ.’ ಕ್ಯಾಶ್‌ಲೆಸ್ ಸಿಗೋದು ಆ ಇನ್ಶೂರೆನ್ಸ್ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ನಿಮ್ಮ ಸರ್ವೀಸ್ ಸೆಂಟರ್ ಇದೆಯಾ ಅನ್ನೋದರ ಮೇಲೆ, ಎಲ್ಲಿ ಕೊಂಡಿರಿ ಅನ್ನೋದರ ಮೇಲೆ ಅಲ್ಲ. ನಾನು ವಾದಕ್ಕೆ ಇಳೀಲಿಲ್ಲ. ‘ನಮ್ಮಲ್ಲೇ ಇನ್ಶೂರೆನ್ಸ್ ಮಾಡಿಸಿದ್ರೆ ಮಾತ್ರ ಡಿಸ್ಕೌಂಟ್ ಅಂತ ಇದೇ ಹಾಳೆ ಮೇಲೆ ಬರೆದು ಸೀಲ್ ಹಾಕಿ ಕೊಡಿ’ ಅಂದೆ. ಬರೆಯಲಿಲ್ಲ. ಆಮೇಲೆ ನಾನು ಹುಡುಗನಿಗೆ ನೇರವಾಗಿ ಹೇಳಿದೆ: ‘ನೀವು ಒಳಗೂ ಹೊರಗೂ ಓಡಾಡೋದು ಬೇಡಪ್ಪ, ಇಬ್ಬರೂ ಇಲ್ಲೇ ಕೂತ್ಕೊಳ್ಳಿ, ಒಟ್ಟು ಆನ್‌ರೋಡ್ ಎಷ್ಟು ಅಂತ ಒಂದೇ ಮಾತು ಹೇಳಿ.’ ನಗ್ತಾನೇ ಹೇಳಿದ್ದು. ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಿದರೆ ಒಳ್ಳೆಯವನಿಗೆ ಒಳ್ಳೆಯವನಾಗೋಕೆ ಜಾಗವೇ ಇರಲ್ಲ.

ಇನ್ನು ಗಡುವು. ‘ಇವತ್ತು ಬುಕ್ ಮಾಡಿದ್ರೆ ಈ ರೇಟು ಲಾಕ್ ಆಗುತ್ತೆ’ ಅಂದರು. ಬುಕಿಂಗ್ ಫಾರ್ಮಿನ ಹಿಂದುಗಡೆ ಸಣ್ಣ ಅಕ್ಷರದಲ್ಲಿ ನೋಡಿದರೆ ಡೆಲಿವರಿ ದಿನದ ಬೆಲೆಯೇ ಅನ್ವಯ ಅಂತಿತ್ತು, ಸಾಮಾನ್ಯವಾಗಿ ಹಾಗೇ ಇರುತ್ತೆ. ಅಂದರೆ ಲಾಕ್ ಆಗೋದು ನಮ್ಮ ದುಡ್ಡು ಮಾತ್ರ. ಹಾಗಂತ ಎಲ್ಲ ಗಡುವೂ ಸುಳ್ಳಲ್ಲ. ಕಂಪನಿ ಕೊಡೋ ಆಫರ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬದಲಾಗುತ್ತೆ, ಜನವರಿಯ ಬೆಲೆ ಏರಿಕೆಯನ್ನ ಕಂಪನಿಗಳು ಮೊದಲೇ ಪೇಪರಿನಲ್ಲಿ ಹೇಳಿರ್ತವೆ. ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ನಾಳೆ ಹೋಗೋದು ಯಾವ ಸಾಲು? ಕಂಪನಿ ಆಫರಾ, ನಿಮ್ಮದಾ?’ ನಿಜವಾದ ಗಡುವಾದರೆ ತಾರೀಖು ಹಾಕಿರೋ ಸರ್ಕ್ಯುಲರ್ ತೋರಿಸ್ತಾರೆ. ಸುಳ್ಳಾದರೆ ‘ಮ್ಯಾನೇಜರ್ ಮೂಡ್ ಚೆನ್ನಾಗಿದೆ ಸರ್’ ಅಂತಾರೆ. ನನಗೆ ಸಿಕ್ಕಿದ್ದು ಎರಡನೇ ಉತ್ತರ!

ಎದ್ದು ಬಂದೆ. ಮಾರನೇ ದಿನ ಹುಡುಗನೇ ಫೋನ್ ಮಾಡಿದ. ತಿಂಗಳ ಕೊನೆ, ಟಾರ್ಗೆಟ್ ಅವರಿಗಿತ್ತು, ನನಗಲ್ಲ ಅಲ್ವಾ? ಅದೇ ಹತ್ತು ಸಾವಿರ ಹಾಗೇ ಇತ್ತು, ಹ್ಯಾಂಡ್ಲಿಂಗ್ ಚಾರ್ಜ್ ತೆಗೆದರು, ಇನ್ಶೂರೆನ್ಸ್ ಹೊರಗಡೆ ಮಾಡಿಸಿದೆ. ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಂಡು, ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್ ಅಂತಲೂ ಕೇಳಿಕೊಂಡೇ ಅಡ್ವಾನ್ಸ್ ಹಾಕಿದ್ದು.

ಒಂದು ಮಾತು, ಆರು ತಿಂಗಳು ಕಾಯಬೇಕಾದ ಕಾರಾದರೆ ಇದೆಲ್ಲ ನಡೆಯಲ್ಲ. ನಮ್ಮ ಹಿಂದೆ ಕ್ಯೂ ಇರೋವಾಗ ಎದ್ದು ಹೋದರೆ ಯಾರೂ ಕರೆಯಲ್ಲ. ಅಂಥ ಕಡೆ ಡಿಸ್ಕೌಂಟ್ ಆಸೆ ಬಿಟ್ಟು, ಇನ್ಶೂರೆನ್ಸ್ ಸಾಲಿನಲ್ಲಿ ಮಾತ್ರ ಪಟ್ಟು ಹಿಡಿಯಿರಿ.